ಲಗೋರಿಗೆ ಮೂರು ಗೆರೆ

ಪುಣೆಯ ನಮ್ಮ ಸೊಸೈಟಿಯಲ್ಲಿ ಭಾನುವಾರ ಬೆಳಿಗ್ಗೆ ಮಕ್ಕಳಿಗೆ ಆಟ ಹೇಳಿಕೊಡುತ್ತೇನೆ. 6ರಿಂದ 13 ವರ್ಷದ 12 ಮಕ್ಕಳು. ಮೊದಲ ವಾರ ಲಗೋರಿ. (ಮರಾಠಿಯಲ್ಲೂ ಅದೇ ಹೆಸರು, ಅನುವಾದದ ತಾಪತ್ರಯವಿಲ್ಲ.) ಚೆಂಡು ತಗುಲಿದರೆ ಔಟ್ ಅಂದಿದ್ದೆ. ಎರಡೇ ನಿಮಿಷಕ್ಕೆ ಚಿಕ್ಕವರೆಲ್ಲ ಗೋಡೆಗೊರಗಿ ಕೂತಿದ್ದರು. "ಅಂಕಲ್, ನಾನಿನ್ನು ಬರಲ್ಲ" ಅಂದಳು ಎಲ್ಲರಿಗಿಂತ ಚಿಕ್ಕವಳು.

ಮುಂದಿನ ವಾರ ಅವಳನ್ನು ಹೇಗೋ ಕರೆತಂದೆ. ಐದು ನಿಮಿಷ ನಿಧಾನ ಓಟ, ತೋಳು ತಿರುಗಿಸುವುದು. ಆಮೇಲೆ ಗುರಿ ಅಭ್ಯಾಸ. ಕಲ್ಲುಗಳಿಂದ 3, 5, 7 ಹೆಜ್ಜೆಗೆ ಸೀಮೆಸುಣ್ಣದ ಗೆರೆ ಎಳೆದೆ. ಎಲ್ಲರೂ ನಡುವಿನ ಗೆರೆಯಿಂದ ಶುರು. ಐದು ಎಸೆತದಲ್ಲಿ ಮೂರು ತಗುಲಿದರೆ ದೂರದ ಗೆರೆಗೆ, ಒಂದೂ ತಗುಲದಿದ್ದರೆ ಹತ್ತಿರದ ಗೆರೆಗೆ. ವಯಸ್ಸಿನ ಮಾತೇ ಇಲ್ಲ. 11ರ ಹುಡುಗನೊಬ್ಬ ಹತ್ತಿರದ ಗೆರೆಯಲ್ಲೇ ಉಳಿದ. ನೋಡಿದರೆ, ಬಲಗೈಯಲ್ಲಿ ಎಸೆಯುವಾಗ ಬಲಗಾಲನ್ನೇ ಮುಂದಿಡುತ್ತಿದ್ದ. ಎಡಗಾಲು ಮುಂದಿಡಿಸಿದೆ, ಚೆಂಡು ನೇರವಾಯಿತು.

ಆಟದಲ್ಲಿ ಔಟ್ ತೆಗೆದೆ. ಸ್ಪಂಜಿನ ಚೆಂಡು, ಮೊಣಕಾಲಿನ ಕೆಳಗೆ ಮಾತ್ರ ಹೊಡೆಯಬೇಕು. ತಗುಲಿದವರು ಗೋಡೆ ಮುಟ್ಟಿ ಮತ್ತೆ ಆಟಕ್ಕೆ. ಎರಡು ನಿಮಿಷದಲ್ಲಿ ಕಲ್ಲು ಜೋಡಿಸದಿದ್ದರೆ ಸರದಿ ಬದಲು.

ಚಿಕ್ಕವಳು ನಾಲ್ಕು ಸಲ ಗೋಡೆ ಮುಟ್ಟಿ ಬಂದಳು. ಏಳನೆಯ ಕಲ್ಲು ಇಟ್ಟವಳೂ ಅವಳೇ. ಕೊನೆಗೆ ಏದುಸಿರು ಇಳಿಯುವವರೆಗೆ ಎಲ್ಲರನ್ನೂ ನಡೆಸಿ, ಕಾಲು ಚಾಚಿ ಕೂರಿಸಿದೆ. ಅವಳ ಮುಷ್ಟಿಯಲ್ಲಿ ಆ ಕಲ್ಲು ಇನ್ನೂ ಇತ್ತು.