ಮೆಲ್ಬರ್ನ್‌ನಲ್ಲಿ ಕಟ್ಟಿನ ಸಾರು

ಬನಹಟ್ಟಿಯ ನೇಕಾರರ ಮನೆಯ ಹುಡುಗ ಮೆಲ್ಬರ್ನ್‌ನಲ್ಲಿ ಕಟ್ಟಿನ ಸಾರು ಮಾಡಲು ಹೊರಟ. ಊರಲ್ಲಿ ಹೋಳಿಗೆ ಮಾಡಿದ ದಿನ ಕಡಲೆಬೇಳೆ ಬೇಯಿಸಿ ಬಸಿದ ಕಟ್ಟೇ ಸಾರಾಗುತ್ತದೆ. ಇವನಿಗೆ ಹೋಳಿಗೆಯ ಹಂಬಲವಿರಲಿಲ್ಲ, ಸಾರು ಸಾಕಿತ್ತು.

ಅವ್ವ ಫೋನಿನಲ್ಲಿ ಹೇಳಿದ್ದಿಷ್ಟು: "ಒಂದು ವಾಟಗಾ ಬ್ಯಾಳಿಗೆ ಆರು ವಾಟಗಾ ನೀರು. ಬ್ಯಾಳಿ ಒತ್ತಿದ್ರ ಮುರೀಬೇಕು ತಮ್ಮಾ, ಹಿಟ್ಟಾಗಬಾರ್ದು. ಹುಣಸಿಹಣ್ಣು ಸಣ್ಣ ನಿಂಬಿಹಣ್ಣಿನಷ್ಟು."

"ಖಾರಾ ಎಷ್ಟವ್ವಾ?"

"ಹಾಕಿದ್ರ ತಿಳೀತೈತಿ."

ವಾಟಗಾ ಇಲ್ಲದಿದ್ದರೂ ಚಿಂತೆಯಿಲ್ಲ. ಬೇಳೆಗೂ ನೀರಿಗೂ ಒಂದೇ ಪಾತ್ರೆ ಹಿಡಿದರೆ ಲೆಕ್ಕ ತಪ್ಪುವುದಿಲ್ಲ. ಆಸ್ಟ್ರೇಲಿಯದ 250 ಮಿಲಿಲೀಟರಿನ ಕಪ್ಪು ಅಲ್ಲಿಯವರೆಗೆ ಚೆನ್ನಾಗಿಯೇ ನಡೆಯಿತು.

ಎಡವಟ್ಟು ಮಾಡಿದ್ದು ಚಮಚ. ಮಸಾಲೆಯ ಅಳತೆಯನ್ನು ಅವನು ಅಮೆರಿಕದ ಒಂದು ಅಡುಗೆ ಬರಹದಿಂದ ತೆಗೆದುಕೊಂಡಿದ್ದ: ಮೂರು ದೊಡ್ಡ ಚಮಚ. ಅಲ್ಲಿ ದೊಡ್ಡ ಚಮಚವೆಂದರೆ ಸುಮಾರು 15 ಮಿಲಿಲೀಟರ್, ಆಸ್ಟ್ರೇಲಿಯದಲ್ಲಿ 20. ಮೂರು ಹಾಕುವ ಹೊತ್ತಿಗೆ ಅಮೆರಿಕದ ನಾಲ್ಕು ಬಿದ್ದಿದ್ದವು. ಲವಂಗ, ಚಕ್ಕೆ, ಒಣಕೊಬ್ಬರಿಯ ಪುಡಿ ಕಟ್ಟಿನ ಸವಿಯನ್ನೇ ನುಂಗಿತು. ಹುಣಸೆಯದು ಬೇರೆ ರಗಳೆ. ಅಂಗಡಿಯ ಡಬ್ಬಿಯಲ್ಲಿದ್ದದ್ದು ಕುದಿಸಿ ಗಟ್ಟಿ ಮಾಡಿದ ಕಪ್ಪು ರಸ. ಅದನ್ನೇ ನಿಂಬೆಗಾತ್ರ ತೆಗೆದು ಹಾಕಿದ. ಸಾರು ಬಾಯಿಗಿಟ್ಟರೆ ಹಲ್ಲು ಜುಮ್ಮೆಂದವು.

ಈ ಮಟ್ಟಸ ಚಮಚದ ಶಿಸ್ತು ತೀರ ಹಳೆಯದೇನಲ್ಲ. 1896ರಲ್ಲಿ ಬಾಸ್ಟನ್ನಿನ ಅಡುಗೆ ಶಾಲೆಯ ಫ್ಯಾನಿ ಫಾರ್ಮರ್ ತಮ್ಮ ಪುಸ್ತಕದಲ್ಲಿ ಕಪ್ಪು, ಚಮಚ ತುಂಬಿ ಮೇಲೆ ಚಾಕು ಎಳೆದು ಸಮ ಮಾಡಬೇಕೆಂದು ಪಟ್ಟು ಹಿಡಿದರು. ಅದಕ್ಕೂ ಮೊದಲು ಅಮೆರಿಕದ ಅಡುಗೆಯವರು ಮೊಟ್ಟೆಯಷ್ಟು ಬೆಣ್ಣೆ ಎಂದೇ ಬರೆಯುತ್ತಿದ್ದರು. ನಿಂಬಿಹಣ್ಣಿನಷ್ಟು ಎನ್ನುವ ಬನಹಟ್ಟಿಯ ಅವ್ವನಿಗೆ ಅವರ ಮಾತು ಥಟ್ಟನೆ ತಿಳಿಯುತ್ತಿತ್ತು.

ಕೊನೆಗೆ ದಾರಿ ತೋರಿಸಿದ್ದು ಊರಲ್ಲಿದ್ದ ತಮ್ಮ. ಅವ್ವನ ಕೈಯಿಂದ ಮಸಾಲೆ, ಉಪ್ಪು, ಬೆಲ್ಲ ಒಂದೊಂದನ್ನೇ ತಟ್ಟೆಗೆ ಹಾಕಿಸಿ, ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿ ಗ್ರಾಮಿನ ಲೆಕ್ಕ ಕಳಿಸಿದ. ಗ್ರಾಮು ಯಾವ ದೇಶದಲ್ಲೂ ಗ್ರಾಮೇ. ಉಪ್ಪಿಗಂತೂ ಇದು ಬೇಕೇ ಬೇಕು: ಹರಳುಪ್ಪಿನ ನಡುವೆ ಗಾಳಿ ಇರುವುದರಿಂದ ಅದೇ ಚಮಚದಲ್ಲಿ ಪುಡಿಉಪ್ಪು ಹೆಚ್ಚು ತೂಗುತ್ತದೆ. ಬೆಲ್ಲ ಮಾತ್ರ ಮುಧೋಳ ಕಡೆಯ ಗಾಣದ್ದು ಸಿಗಲಿಲ್ಲ, ಸಿಕ್ಕಿದ್ದರಲ್ಲೇ ಸುಧಾರಿಸಿಕೊಂಡ.

ಅವ್ವ ಎರಡನೇ ಸಲ ಹಾಕಿದ ಮಸಾಲೆ ಮೊದಲಿನಷ್ಟೇ ತೂಗಲಿಲ್ಲವಂತೆ. ಕೇಳಿದರೆ, "ಇವತ್ತಿನ ಕಟ್ಟು ತೆಳ್ಳಗೈತಲ್ಲ" ಎಂದಳಂತೆ.

ಹುಳಿಯನ್ನು ಅವನು ತೂಗುವುದಿಲ್ಲ. ಒಂದು ಡಬ್ಬಿಯ ಹುಳಿ ಇನ್ನೊಂದರಲ್ಲಿರುವುದಿಲ್ಲ. ಮೊದಲು ಅರ್ಧ ಟೀಚಮಚ ಕದಡಿ ಹಾಕಿ, ಒಂದು ಕುದಿ ಬಂದ ಮೇಲೆ ಅಂಗೈಗೆ ನಾಲ್ಕು ಹನಿ ಬಿಟ್ಟುಕೊಂಡು ನೆಕ್ಕುತ್ತಾನೆ. ಸಾಲದಿದ್ದರೆ ಮತ್ತಷ್ಟು. ಆಮೇಲೆ ಸಾಸಿವೆ, ಕರಿಬೇವಿನ ಒಗ್ಗರಣೆ.