ಮುಡಿ ಕೊಟ್ಟ ಮೇಲಿನ ಗುಳ್ಳೆ

ಹರವೆ ಕಡೆಯ ನಮಗೆ ಮಾದಪ್ಪನ ಬೆಟ್ಟಕ್ಕೆ ಹೋಗಿ ಮುಡಿ ಕೊಡೋದು ಹೊಸದಲ್ಲ. ತಲೆ ಬೋಳಿಸಿದ ಕೆಲವೇ ದಿನಕ್ಕೆ ನಮ್ಮಲ್ಲಿ ಕೆಲವರ ಕತ್ತಿನ ಹಿಂದೆ ಗುಳ್ಳೆ ಏಳುತ್ತವೆ. ಮನೇಲಿ "ಉಷ್ಣ ಕಣೋ" ಅಂತಾರೆ. ಆದರೆ ಇದು ಕೂದಲಿನದೇ ಕೆಲಸ. ಚರ್ಮ ಎಳೆದು ಹಿಡಿದು ನುಣ್ಣಗೆ ಬೋಳಿಸಿದಾಗ ಕೂದಲ ತುದಿ ಚೂಪಾಗಿ ಚರ್ಮದೊಳಕ್ಕೆ ಸರಿಯುತ್ತದೆ. ಗುಂಗುರು ಕೂದಲಾದರೆ ಬೆಳೆಯುತ್ತಾ ಬಾಗಿ ಚರ್ಮಕ್ಕೇ ಚುಚ್ಚಿಕೊಳ್ಳುತ್ತದೆ. ಮುಳ್ಳು ಚುಚ್ಚಿದ ಹಾಗೆ ಆ ಜಾಗ ಊದುತ್ತದೆ.

ನಮ್ಮ ಗುಂಗುರು ಕೂದಲಿನ ಗೆಳೆಯನಿಗೆ ಹೀಗಾದಾಗ ಅವನು ಗುಳ್ಳೆ ಹಿಂಡಲಿಲ್ಲ, ಪಿನ್ನು ಹಾಕಿ ಕೂದಲು ಕೀಳಲೂ ಇಲ್ಲ. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಹತ್ತು ನಿಮಿಷ ಇಡ್ತಿದ್ದ, ಉಜ್ಜುವ ಕಾಲರ್ ಬಿಟ್ಟ. ಗುಳ್ಳೆ ಪೂರ್ತಿ ಇಳಿಯಲಿ ಅಂತ ನಾಲ್ಕು ವಾರ ಅಲ್ಲಿಗೆ ಬ್ಲೇಡ್ ತಾಗಿಸಲಿಲ್ಲ. ಈಗ ಸಲೂನಲ್ಲಿ ನಾವೆಲ್ಲ ಹೇಳೋದು ಒಂದೇ: "ಅಣ್ಣಾ, ಹಿಂದೆ ಬ್ಲೇಡ್ ಬೇಡ, ಟ್ರಿಮ್ಮರಲ್ಲಿ ಒಂದು ಮಿಲಿಮೀಟರ್ ಬಿಟ್ಟು ತೆಗೀರಿ."

ಗುಳ್ಳೆ ಇಳಿಯದೆ ಗಟ್ಟಿ ಗಂಟಾಗಿ, ಅದರ ಮೇಲೆ ಕೂದಲು ಬಾರದಿದ್ದರೆ ಕಲೆ ಕಟ್ಟುತ್ತಿದೆ ಎಂದರ್ಥ. ಕಲೆಯಾದ ಜಾಗದಲ್ಲಿ ಕೂದಲು ಮತ್ತೆ ಹುಟ್ಟುವುದಿಲ್ಲ. ಹಾಗಾಗಿ ಗಂಟು ಸಣ್ಣದಿರುವಾಗಲೇ ಚರ್ಮದ ಡಾಕ್ಟರಿಗೆ ತೋರಿಸಬೇಕು. ಅಲ್ಲಿಯವರೆಗೆ ಮುಂದಿನ ಮುಡಿಯನ್ನು ಮುಂದಕ್ಕೆ ಹಾಕಿದರೆ ಮಾದಪ್ಪ ಮುನಿಯಲ್ಲ.