ಮಳೆಗೆ ಕೈ ಎಲ್ಲಿಂದ ಬಂತು?

ನಮ್ಮ ಕಡೆ ಎರಡು ಭಾಷೆ ಒಂದೇ ಅಂಗಳದಾಗ ಆಡ್ತಾವ. 1956ರವರೆಗೆ ಗದ್ವಾಲ್ ರಾಯಚೂರು ಜಿಲ್ಲೆಯೊಳಗೇ ಇತ್ತು. ಆಮೇಲೆ ಗಡಿ ಸರಿಯಿತು, ಮನೆಮಾತು ಸರಿಯಲಿಲ್ಲ. ಇವತ್ತಿಗೂ ಮಕ್ತಲ್, ನಾರಾಯಣಪೇಟೆ ಸಂತೆಯೊಳಗ ಒಂದು ಮಾತು ಕನ್ನಡದಾಗ ಶುರುವಾಗಿ ತೆಲುಗಿನಾಗ ಮುಗಿಯುವುದುಂಟು. ಇಂಥ ಕಡೆ ಓದುವ ಮಕ್ಕಳಿಗೆ ಕನ್ನಡದ ಪದಗಳ ಅರ್ಥ ಗೊತ್ತಿರುತ್ತದೆ. ತೊಡಕು ಬರುವುದು ಗೊತ್ತಿರುವ ಪದಗಳೇ ಒಟ್ಟಿಗೆ ಸೇರಿ ಬೇರೆ ಮಾತಾಡಿದಾಗ.

ವಾಚನಾಲಯದಲ್ಲಿ ಸಂಜೆ ಕೂಡುವ ಮಕ್ಕಳ ಮುಂದೆ ನಾನು ಇಡುವ ಒಂದು ಚಿಕ್ಕ ಪ್ಯಾರಾ ಇದು:

"ಆ ವರ್ಷ ಮುಂಗಾರು ಕೈಕೊಟ್ಟಿತು. ಬಿತ್ತಿದ ತೊಗರಿ ಮೊಳಕೆಯಲ್ಲೇ ಒಣಗಿತು. ರೈತ ಅಣ್ಣನ ಹತ್ತಿರ ಸಾಲ ಕೇಳಿದ. ಅಣ್ಣನೂ ಕೈಯೆತ್ತಿಬಿಟ್ಟ. ಕೊನೆಗೆ ಹಿಂಗಾರಿ ಜೋಳ ಕೈಹಿಡಿಯಿತು."

ಐದು ಸಾಲಿನೊಳಗೆ ಮೂರು ಕೈ. "ಕೈಕೊಟ್ಟಿತು ಅಂದ್ರ ಏನ್ರಪ್ಪಾ?" ಎಂದರೆ ಒಬ್ಬ ಹುಡುಗ, "ಸಹಾಯ ಮಾಡ್ತು ಸರ್, ಬಿದ್ದವ್ರಿಗೆ ಕೈ ಕೊಡ್ತೀವಲ್ಲ" ಅಂದ. ಪದ ನೋಡಿದರೆ ಅವನ ಮಾತು ಸರಿಯೇ. "ಹಂಗಿದ್ರ ಮುಂದಿನ ಸಾಲು ಓದು" ಅಂದೆ. ಓದಿದ: ತೊಗರಿ ಒಣಗಿತು. ಸಹಾಯ ಮಾಡಿದ ಮಳೆಗೆ ಬೆಳೆ ಒಣಗುವುದು ಹೇಗೆ? ಅವನೇ ತಲೆ ಕೆರೆದುಕೊಂಡು, "ಮೋಸ ಮಾಡ್ತು ಸರ್" ಎಂದು ತಿದ್ದಿಕೊಂಡ. ಅರ್ಥವನ್ನು ಹೇಳಿದವನು ನಾನಲ್ಲ, ಮುಂದಿನ ಸಾಲು.

ಇಲ್ಲಿ ಮೊದಲ ಗುರುತು ಇದು: ಮಳೆಗೆ ಕೈ ಇಲ್ಲ. ಇಲ್ಲದ ಅಂಗ, ಆಗದ ಕೆಲಸ ಸಾಲಿನಲ್ಲಿ ಕಂಡಿತೆಂದರೆ ಅದು ನುಡಿಗಟ್ಟು ಇರಬಹುದೆಂದು ನಿಲ್ಲಬೇಕು. ಆಮೇಲೆ ಹಿಂದಿನ ಸಾಲು, ಮುಂದಿನ ಸಾಲು ನೋಡಿ ಒಂದು ಸಾದಾ ಮಾತು ಊಹಿಸಬೇಕು. ಕೊನೆಗೆ ಆ ಸಾದಾ ಮಾತನ್ನೇ ಅಲ್ಲಿ ಇಟ್ಟು ಇಡೀ ಪ್ಯಾರಾ ಮತ್ತೊಮ್ಮೆ ಓದಬೇಕು. ಎಲ್ಲೂ ಮುಗ್ಗರಿಸದಿದ್ದರೆ ಊಹೆ ಸರಿ.

ಎರಡನೆಯ ಕೈ ಇನ್ನೂ ಕಷ್ಟದ್ದು, ಯಾಕಂದರೆ ಅಣ್ಣನಿಗೆ ನಿಜವಾಗಿಯೂ ಕೈ ಇದೆ. "ಅಣ್ಣ ಹೊಡಿಯಾಕ ಹೋದ" ಎಂದಳು ಒಬ್ಬ ಹುಡುಗಿ. ಪರೀಕ್ಷೆಯಲ್ಲಾದರೆ ಎರಡು ಅಂಕ ಹೋಗುತ್ತವೆ, ಅಷ್ಟೆ. ಮನೆಯಲ್ಲಿ ಅಜ್ಜಿಗೆ ಕಾಗದ ಓದಿ ಹೇಳುವ ಮಗು ಹೀಗೆ ತಿಳಿದು, "ದೊಡ್ಡಪ್ಪ ಅಪ್ಪನ್ನ ಹೊಡಿಯಾಕ ಹೋದ್ನಂತ" ಎಂದರೆ ಎರಡು ಮನೆಯ ನಡುವೆ ಗೋಡೆ ಏಳುತ್ತದೆ. ಆ ಹುಡುಗಿಗೆ ಎರಡು ವಿಷಯ ತೋರಿಸಿದೆ. ಹೊಡೆಯುವುದಾದರೆ "ತಮ್ಮನ ಮೇಲೆ ಕೈಯೆತ್ತಿದ" ಎಂದು ಬರುತ್ತದೆ. ಇಲ್ಲಿ "ಮೇಲೆ" ಇಲ್ಲ. ಹಿಂದಿನ ಸಾಲಿನಲ್ಲಿ ಇರುವುದು ಸಾಲದ ಮಾತು, ಜಗಳವಲ್ಲ. ಹಾಗಾಗಿ ಅಣ್ಣ "ನನ್ನ ಕೈಲಿ ಆಗಲ್ಲ" ಅಂದನೆಂದೇ ಅರ್ಥ. ಮೂರನೆಯ ಕೈಗೆ ಮಕ್ಕಳು ನನ್ನನ್ನು ಕೇಳಲೇ ಇಲ್ಲ. "ಕೊನೆಗೆ" ಎಂಬ ಪದ ಕಂಡು, ಜೋಳ ಕಾಪಾಡಿತು ಅಂದರು.

ತೆಲುಗು ಇಲ್ಲಿ ಅರ್ಧ ದಾರಿ ಮಾತ್ರ ಬರುತ್ತದೆ. ತೆಲುಗಿನ ಆಡುಮಾತಿನಲ್ಲೂ "ಚೆಯ್ಯಿಚ್ಚಾಡು" ಎಂದರೆ ಮೋಸ ಮಾಡಿದ ಎಂದೇ. ಆದರೆ "ಚೆಯ್ಯಿ ಚೇಸುಕುನ್ನಾಡು" ಎಂದರೆ ಹೊಡೆದ. ಅದನ್ನೇ ನೆನೆದು ನಮ್ಮ "ಬಸ್ಸಿಗೆ ಕೈ ಮಾಡಿದ" ಎಂಬುದನ್ನು ಓದಿದರೆ ಬಸ್ಸಿಗೆ ಏಟು ಬಿದ್ದಂತಾಯಿತು! ಬಸ್ಸಿಗೆ ಕೈ ಮಾಡುವುದು ನಿಲ್ಲಿಸಲಿಕ್ಕೆ, ತಮ್ಮನ ಮ್ಯಾಲೆ ಕೈ ಮಾಡುವುದು ಹೊಡಿಲಿಕ್ಕೆ.

ಗಾದೆಗೆ ಸಾಲಿನ ಜೊತೆಗೆ ಆಡಿದವರನ್ನೂ ನೋಡಬೇಕು. "ಗಾಳಿ ಬಂದಾಗ ತೂರಿಕೋ" ಎಂಬುದನ್ನು ಕಣದಲ್ಲಿ, ರಾಶಿಯ ಮುಂದೆ, ಮೊರ ಹಿಡಿದವನಿಗೆ ಹೇಳಿದರೆ ಅದು ಗಾದೆಯೇ ಅಲ್ಲ, ಬರೀ ಕೆಲಸದ ಮಾತು. ಕಾಲೇಜಿಗೆ ಸೀಟು ಸಿಕ್ಕ ಮಗಳಿಗೆ ಅವ್ವ ಹೇಳಿದರೆ ಅದು ಬುದ್ಧಿಮಾತು: ಅವಕಾಶ ಬಿಡಬೇಡ. "ಅವನೇನು, ಗಾಳಿ ಬಂದಾಗ ತೂರಿಕೊಳ್ಳೋ ಪೈಕಿ" ಎಂದು ಕಟ್ಟೆಯ ಮೇಲೆ ಕೂತವರು ಅಂದರೆ ಅದೇ ಗಾದೆ ಬೈಗುಳ. ಪದಗಳು ಮೂರು ಕಡೆಯೂ ಒಂದೇ.

ಸಂದರ್ಭವೂ ಎಲ್ಲ ಕಡೆ ಕೈಹಿಡಿಯುವುದಿಲ್ಲ. ಹಿಂದೆ ಮುಂದೆ ಏನೂ ಇಲ್ಲದೆ ಒಂದೇ ಸಾಲು ಗಾದೆ ಕೊಟ್ಟು ಅರ್ಥ ಬರೆಯಿರಿ ಎಂದರೆ ಊಹೆ ದಾರಿ ತಪ್ಪಬಹುದು. ಆಗ ಹಿರಿಯರನ್ನು ಕೇಳಬೇಕು. ಕೇಳುವಾಗಲೂ "ಇದರ ಅರ್ಥ ಏನಜ್ಜಾ?" ಅನ್ನುವುದಕ್ಕಿಂತ "ಇದನ್ನ ಯಾವಾಗ ಅಂತಾರಜ್ಜಾ?" ಎಂದು ಕೇಳಿದರೆ ಒಳ್ಳೆಯದು. ಮೊದಲನೆಯದಕ್ಕೆ ಅಜ್ಜ ತಡವರಿಸಬಹುದು. ಎರಡನೆಯದಕ್ಕೆ ಒಂದು ಕಥೆಯನ್ನೇ ಹೇಳುತ್ತಾನೆ.